ಮ್ಯಾಚ್ ಮುಗಿದ ಮೇಲೆ ಬ್ರ್ಯಾಂಡ್ ಪೋಸ್ಟ್: ಹಾಕುವ ಮುನ್ನ ನೋಡಬೇಕಾದ್ದು

2024ರ ಮೇ 18. ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ–ಸಿಎಸ್‌ಕೆ ಪಂದ್ಯ. ಆರ್‌ಸಿಬಿ 218 ಹೊಡೆದಿತ್ತು. ಸೋತರೂ 201 ರನ್ ಮುಟ್ಟಿದ್ದರೆ ಸಿಎಸ್‌ಕೆ ಪ್ಲೇಆಫ್‌ಗೆ ಹೋಗುತ್ತಿತ್ತು. ಕೊನೆ ಓವರ್‌ನ ಮೊದಲ ಎಸೆತಕ್ಕೆ ಧೋನಿ ಸಿಕ್ಸರ್, ಎರಡನೆಯದಕ್ಕೆ ಔಟ್. ಸಿಎಸ್‌ಕೆ 191ಕ್ಕೆ ನಿಂತಿತು.

ಆ ರಾತ್ರಿ ಸೂಟ್‌ಕೇಸ್ ಮಾರುವ ಕಂಪನಿಯೊಂದರ ಪೇಜ್ ನಿಮ್ಮ ಕೈಯಲ್ಲಿತ್ತು ಅಂದುಕೊಳ್ಳಿ. ಮೊದಲು ಹೊಳೆಯುವ ಸಾಲು: ‘ಬ್ಯಾಗ್ ಪ್ಯಾಕ್ ಮಾಡಿ, ಮನೆಗೆ ಹೊರಡಿ’. ನಗು ಬರುತ್ತೆ, ನಿಜ. ಹಾಕಬಹುದಾ?

ಮೊದಲು, ನಗು ಯಾರ ಮೇಲೆ ಎಂದು ನೋಡಿ. ಇಲ್ಲಿ ಅದು ಸೋತವರ ಮೇಲೆ. ಗೆಳೆಯ ಕಾಲೆಳೆದರೆ ಅಭಿಮಾನಿ ಸಹಿಸಿಕೊಳ್ಳುತ್ತಾನೆ. ತನಗೆ ಸೂಟ್‌ಕೇಸ್ ಮಾರಿದ ಕಂಪನಿ ಎಳೆದರೆ ಸುಮ್ನೆ ಇರಲ್ಲ. ಅದೇ ರಾತ್ರಿ ‘ಕೊನೆ ಓವರ್ ಮುಗಿಯೋ ಹೊತ್ತಿಗೆ ಉಗುರು ಉಳೀತಾ?’ ಎಂದಿದ್ದರೆ ಎರಡೂ ಕಡೆಯವರು ಓದಿ ನಗಬಹುದಿತ್ತು. ಆ ಓವರ್‌ನಲ್ಲಿ ಉಗುರು ಕಚ್ಚದವರು ಯಾರಿದ್ದರು?

ಎರಡನೆಯದು, ಫಲಿತಾಂಶ ತಿರುಗಿಸಿ ಓದಿ. ಧೋನಿ ಇನ್ನೆರಡು ಸಿಕ್ಸರ್ ಹೊಡೆದು ಸಿಎಸ್‌ಕೆ ಒಳಗೆ, ಆರ್‌ಸಿಬಿ ಹೊರಗೆ ಅಂದುಕೊಳ್ಳಿ. ಅದೇ ‘ಮನೆಗೆ ಹೊರಡಿ’ ಸಾಲನ್ನು ಬೆಂಗಳೂರಿನವರಿಗೆ ಹೇಳುವ ಧೈರ್ಯ ನಿಮಗಿದೆಯಾ? ಇಲ್ಲ ಅಂದರೆ ನೀವು ಆಗಲೇ ಒಂದು ಕಡೆ ವಾಲಿದ್ದೀರಿ. ತಂಡದ ಪ್ರಾಯೋಜಕರು ವಾಲಬಹುದು, ಅದನ್ನು ಜನ ಒಪ್ಪುತ್ತಾರೆ. ಎರಡೂ ಊರಲ್ಲಿ ಅಂಗಡಿ ಇರುವವರಿಗೆ ಆ ರಿಯಾಯಿತಿ ಇಲ್ಲ. ಅಂದಹಾಗೆ, ಆರ್‌ಸಿಬಿ ಸೋತಾಗ ‘ಈ ಸಲ ಕಪ್ ನಮ್ದೇ’ ಎಂದು ಕುಟುಕುವುದು ಹಳೇ ಜೋಕ್. ಮಾಡಿದವರಿಗೇ ನಗು ಬರಲ್ಲ.

ಮೂರನೆಯದು, ಒಬ್ಬ ಆಟಗಾರನ ತಪ್ಪಿನ ಮೇಲೆ ಪೋಸ್ಟ್ ನಿಂತಿದೆಯಾ? ನಿಂತಿದ್ದರೆ ಅಲ್ಲೇ ಬಿಡಿ. 2017ರ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಬುಮ್ರಾ ನೋಬಾಲ್‌ನಿಂದ ಬಚಾವಾದ ಫಖರ್ ಜಮಾನ್ ಶತಕ ಹೊಡೆದರು. ಜೈಪುರ ಸಂಚಾರ ಪೊಲೀಸರು ಆ ನೋಬಾಲ್ ಫೋಟೊ ಬಳಸಿ, ಗೆರೆ ದಾಟಬೇಡಿ ಎಂಬ ಫಲಕ ಹಾಕಿದರು. ಉದ್ದೇಶ ಒಳ್ಳೆಯದೇ, ಸಾಲೂ ಚುರುಕಾಗಿತ್ತು. ಆದರೆ ಬುಮ್ರಾ ಬಹಿರಂಗವಾಗಿ ಬೇಸರ ಹೇಳಿಕೊಂಡರು, ಪೊಲೀಸರು ವಿಷಾದಿಸಬೇಕಾಯಿತು. ಅಲ್ಲಿ ಕೆರಳಲು ಎದುರಾಳಿ ಅಭಿಮಾನಿಗಳೂ ಬೇಕಾಗಲಿಲ್ಲ, ಸ್ವಂತ ತಂಡದವನೇ ನೊಂದಿದ್ದ.

ಕೊನೆಗೆ, ಗಡಿಯಾರ. ಪೋಸ್ಟ್ ಎಷ್ಟೇ ಸೌಮ್ಯವಾಗಿದ್ದರೂ ಅದು ಹೊರಬೀಳುವ ಗಳಿಗೆ ಕೆಡಿಸಬಹುದು. 2025ರ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ಮುಂಚಿತವಾಗಿ ಸಮಯ ಕಟ್ಟಿಟ್ಟ ಅಭಿನಂದನೆಯ ಪೋಸ್ಟ್ ಆ ಸಂಜೆ ತಾನಾಗಿ ಹೊರಬಂದರೆ ಹೇಗಿರುತ್ತೆ, ಯೋಚಿಸಿ. ಹಾಗಾಗಿ ಫಲಿತಾಂಶದ ಪೋಸ್ಟ್‌ಗೆ ಶೆಡ್ಯೂಲ್ ಬೇಡ. ಹಾಕುವ ಮುಂಚೆ ಒಬ್ಬರು ಸುದ್ದಿ ನೋಡಲಿ, ಆಮೇಲೆ ಕೈಯಿಂದಲೇ ಒತ್ತಲಿ. ಮರುದಿನಕ್ಕೆಂದು ಇಟ್ಟಿದ್ದನ್ನೆಲ್ಲ ನಿಲ್ಲಿಸುವ ಅಧಿಕಾರವೂ ಅವರಿಗೇ ಇರಲಿ, ಮ್ಯಾನೇಜರ್ ಫೋನ್ ಎತ್ತುವವರೆಗೆ ಕಾಯುವಂತಾಗಬಾರದು.