ಟೆಕ್ನಿಕಲ್ ರೌಂಡ್‌ನ ಕೊನೆಯ ಐದು ನಿಮಿಷ: ತಂಡ ಅಳೆಯಲು ನಾನು ಕೇಳುವ ಎರಡು ಪ್ರಶ್ನೆ

"ನಿಮಗೇನಾದರೂ ಕೇಳೋದಿದೆಯಾ?" ಎಂಬ ಮಾತು ಬರುವ ಹೊತ್ತಿಗೆ ಇಂಟರ್‌ವ್ಯೂ ರೌಂಡ್‌ನಲ್ಲಿ ಉಳಿದಿರುವುದು ಹೆಚ್ಚೆಂದರೆ ಐದು ನಿಮಿಷ. ಅಷ್ಟರಲ್ಲಿ ತಂಡ ಹೇಗಿದೆಯೆಂದು ತಿಳಿಯುವುದಿಲ್ಲ, ಕೆದಕಿ ಕೇಳಿದರೆ ಕೈಗೆ ಬರೋ ಆಫರ್ರೂ ಹೋಗುತ್ತೆ ಎಂದು ಜೊತೆಯವರು ಹೇಳುತ್ತಲೇ ಬಂದರು. ಬೆಂಗಳೂರಿನಲ್ಲಿ ಈ ಸಲ ಬ್ಯಾಕೆಂಡ್ ಕೆಲಸ ಹುಡುಕುವಾಗ ನಾನು ಮಾತ್ರ ಆ ಐದು ನಿಮಿಷದಲ್ಲಿ ಎರಡು ಪ್ರಶ್ನೆ ಕೇಳಿ ತಂಡ ಅಳೆಯುವ ವಿಧಾನವನ್ನು ಬಿಡದೆ ಹಿಡಿದೆ. ಪ್ರಶ್ನೆ ಕೇಳಿದ ಕಾರಣಕ್ಕೆ ಯಾವ ಆಫರ್ರೂ ತಪ್ಪಲಿಲ್ಲ. ಹೆಚ್ಚು ಸಂಬಳದ ಒಂದನ್ನು ಬಿಟ್ಟು ಸೇರಿದ ತಂಡ, ಅಂದು ಉತ್ತರಗಳಲ್ಲಿ ಕಂಡಂತೆಯೇ ಇದೆ.

ಕೆಲಸಕ್ಕೆ ಬಾರದ ಪ್ರಶ್ನೆಗಳನ್ನು ಮೊದಲು ಬದಿಗಿಡೋಣ. "ವರ್ಕ್ ಕಲ್ಚರ್ ಹೇಗಿದೆ?" ಎಂದರೆ "ತುಂಬಾ ಚೆನ್ನಾಗಿದೆ" ಎನ್ನುತ್ತಾರೆ. "ಟೆಕ್ನಿಕಲ್ ಡೆಟ್ ಹೇಗೆ ನಿಭಾಯಿಸುತ್ತೀರಿ?" ಎಂದರೆ ಪ್ರತಿ ಸ್ಪ್ರಿಂಟ್‌ನಲ್ಲಿ 20% ಸಮಯ ಮೀಸಲು ಎಂಬ ಉತ್ತರ ಬರುತ್ತದೆ. ಅದು ಪ್ಲಾನ್‌ನಲ್ಲಿ ಇರುತ್ತದೆ, ಬೋರ್ಡ್ ಮೇಲೆ ಇರುವುದಿಲ್ಲ. ಟೆಸ್ಟ್ ಕವರೇಜ್ ಕೇಳಿದರೂ ಇದೇ ಪಾಡು. "ನೀವು ಹೇಗೆ ಮಾಡುತ್ತೀರಿ" ಎಂದು ಕೇಳಿದಾಗಲೆಲ್ಲ ಎದುರಿನವರು ಹೇಗೆ ಮಾಡಬೇಕೋ ಅದನ್ನು ಹೇಳುತ್ತಾರೆ. "ಕೊನೆಯ ಸಲ ಏನಾಯಿತು" ಎಂದು ಕೇಳಿದರೆ ಮಾತ್ರ ನೆನಪಿನಿಂದ ಉತ್ತರ ಬರುತ್ತದೆ, ನೆನಪಿನಿಂದ ಬಂದದ್ದಕ್ಕೆ ದಿನ, ವಾರ, ಜನ ಎಲ್ಲ ಅಂಟಿಕೊಂಡಿರುತ್ತವೆ.

ಹಾಗಾಗಿ ನನ್ನ ಮೊದಲ ಪ್ರಶ್ನೆ ಇಷ್ಟೇ: "ನೀವೇ ಬರೆದು ಕೊನೆಯದಾಗಿ ಪ್ರೊಡಕ್ಷನ್‌ಗೆ ಹೋದ ಬದಲಾವಣೆ ಯಾವುದು? ಕೋಡ್ ಮುಗಿದ ದಿನದಿಂದ ಲೈವ್ ಆಗುವ ತನಕ ಎಷ್ಟು ದಿನ ಹಿಡಿಯಿತು?" ಏನು ಫೀಚರ್ ಎಂಬುದು ಬೇಡ, ದಾರಿ ಮಾತ್ರ ಹೇಳಿ ಎಂದು ಸೇರಿಸಬೇಕು, ಇಲ್ಲದಿದ್ದರೆ ಗೋಪ್ಯತೆಯ ನೆಪದಲ್ಲಿ ಮಾತು ನಿಲ್ಲುತ್ತದೆ. ರೌಂಡ್ ಶುರುವಾಗುವಾಗಲೇ "ಕೊನೆಗೆ ಐದು ನಿಮಿಷ ಬೇಕು" ಎಂದು ಹೇಳಿಡುವುದೂ ಮುಖ್ಯ. ಹೇಳದಿದ್ದರೆ ಕೋಡಿಂಗ್ ಪ್ರಶ್ನೆಯೇ ಆ ಹೊತ್ತನ್ನೂ ತಿಂದುಹಾಕುತ್ತದೆ.

ನನಗೆ ಸಿಕ್ಕ ಒಂದು ಉತ್ತರವನ್ನು ಬಿಡಿಸಿ ನೋಡಿ. ಬದಲಾವಣೆ ಸಣ್ಣದು, ಕೋಡ್ ಒಂದೇ ದಿನದ್ದು. ಸೋಮವಾರ ರಿವ್ಯೂಗೆ ಹೋಯಿತು, ಗುರುವಾರ ಮರ್ಜ್ ಆಯಿತು. ಸ್ಟೇಜಿಂಗ್ ಎನ್ವಿರಾನ್ಮೆಂಟ್ ಬೇರೆ ತಂಡದವರ ಕೈಯಲ್ಲಿತ್ತು, ಅದಕ್ಕೆ ಮೂರು ದಿನ ಕಾಯಬೇಕಾಯಿತು. ಆಮೇಲೆ ಎರಡು ವಾರಕ್ಕೊಮ್ಮೆ ಹೊರಡುವ ರಿಲೀಸ್‌ಗೆ ಸೇರಿತು. ಒಟ್ಟು ಹೆಚ್ಚುಕಡಿಮೆ ಹದಿನೈದು ದಿನ, ಅದರಲ್ಲಿ ಕೆಲಸ ನಡೆದದ್ದು ಒಂದೂವರೆ ದಿನ. ಇಲ್ಲಿ ಒಟ್ಟು ದಿನಕ್ಕಿಂತ ಕಾಯ್ದದ್ದು ಎಲ್ಲಿ ಎಂಬುದನ್ನು ಹಿಡಿಯಬೇಕು. ರಿವ್ಯೂನಲ್ಲಿ ಕಾಯ್ದಿದ್ದರೆ "ಅದನ್ನು ಬೇರೆ ಯಾರಾದರೂ ಅಪ್ರೂವ್ ಮಾಡಬಹುದಿತ್ತಾ?" ಎಂದು ಮುಂದಿನ ಪ್ರಶ್ನೆ ಹಾಕಿ. ಇಲ್ಲ, ಆರ್ಕಿಟೆಕ್ಟ್ ಒಬ್ಬರೇ ನೋಡಬೇಕು ಎಂದರೆ ನೀವು ಸೇರಿದ ಮೇಲೆ ಆ ಸಾಲಿನಲ್ಲಿ ಕಾಯುವವರು ಒಬ್ಬರು ಹೆಚ್ಚಾಗುತ್ತಾರೆ, ಅಷ್ಟೆ. ರಿಲೀಸ್ ದಿನಕ್ಕೆ ಕಾಯ್ದಿದ್ದರೆ ರೋಲ್‌ಬ್ಯಾಕ್ ಬಗ್ಗೆ ಕೇಳಿ. ಹಿಂದಕ್ಕೆ ತರುವುದು ಕಷ್ಟವಿರುವ ಕಡೆ ಜನ ಹೆದರುತ್ತಾರೆ, ಹೆದರಿ ಬದಲಾವಣೆಗಳನ್ನು ಒಟ್ಟುಗೂಡಿಸುತ್ತಾರೆ. ಒಟ್ಟುಗೂಡಿಸಿದಷ್ಟೂ ಒಡೆದದ್ದು ಯಾವುದೆಂದು ಹುಡುಕುವುದು ಕಷ್ಟವಾಗುತ್ತದೆ.

ನಿಧಾನ ಎಂದ ಮಾತ್ರಕ್ಕೆ ತಂಡ ಕೆಟ್ಟದ್ದಲ್ಲ. ಬ್ಯಾಂಕಿನ ಕೋರ್ ಸಿಸ್ಟಮ್, ಕಾರಿನೊಳಗಿನ ಸಾಫ್ಟ್‌ವೇರ್, ಆಪ್ ಸ್ಟೋರ್ ದಾಟಬೇಕಾದ ಮೊಬೈಲ್ ಆಪ್ ಇವೆಲ್ಲ ತಮ್ಮದೇ ಕಾರಣಕ್ಕೆ ನಿಧಾನ. ಅಂಥ ಕಡೆ ಒಳ್ಳೆಯ ತಂಡದವರು ತಡಕ್ಕೆ ಕಾರಣ ಹೇಳುತ್ತಾರೆ, ಉಳಿದವರು "ಪ್ರೊಸೆಸ್ ಹಾಗಿದೆ" ಎನ್ನುತ್ತಾರೆ.

ಎರಡನೆಯದು, ಸಿಸ್ಟಮ್ ಕೆಟ್ಟರೆ ಹೊತ್ತಲ್ಲದ ಹೊತ್ತಲ್ಲೂ ಎದ್ದು ನೋಡಬೇಕಾದ ಆನ್‌ಕಾಲ್ ಸರದಿಯ ಬಗ್ಗೆ: "ಕೊನೆಯ ಸಲ ಆನ್‌ಕಾಲ್ ಫೋನ್ ರಾತ್ರಿ ಹೊಡೆದದ್ದು ಯಾಕೆ? ಆಮೇಲೆ ಏನು ಬದಲಾಯಿಸಿದಿರಿ?" ಇಲ್ಲಿ ವಾಕ್ಯದ ಕರ್ತೃವನ್ನು ಗಮನಿಸಿ. "ಒಬ್ಬ ಜೂನಿಯರ್ ನೋಡದೆ ಡೇಟಾಬೇಸ್ ಮೈಗ್ರೇಶನ್ ಓಡಿಸಿಬಿಟ್ಟ, ಈಗ ಸೀನಿಯರ್ ಅಪ್ರೂವಲ್ ಇಟ್ಟಿದ್ದೇವೆ" ಎಂಬುದು ಒಂದು ಬಗೆ. ಅಂಥದೇ ಘಟನೆಯನ್ನು ಇನ್ನೊಂದು ತಂಡದವರು ಹೀಗೆ ಹೇಳುತ್ತಾರೆ: ಪೋಸ್ಟ್‌ಗ್ರೆಸ್‌ನಲ್ಲಿ ಉದ್ದನೆಯ ರಿಪೋರ್ಟ್ ಕ್ವೆರಿಯೊಂದು ಓಡುತ್ತಿತ್ತು, ಅದರ ಹಿಂದೆ ನಮ್ಮ ಆಲ್ಟರ್ ಟೇಬಲ್ ಲಾಕ್‌ಗೆ ಕಾಯುತ್ತ ನಿಂತಿತು, ಅದರ ಹಿಂದೆ ಬಂದ ಮಾಮೂಲಿ ಸೆಲೆಕ್ಟ್‌ಗಳೂ ಸಾಲುಗಟ್ಟಿ ಇಡೀ ಆಪ್ ನಿಂತುಹೋಯಿತು. ಈಗ ಪ್ರತಿ ಮೈಗ್ರೇಶನ್‌ನ ತಲೆಗೆ ಈ ಸಾಲು ತಾನಾಗಿ ಸೇರುತ್ತದೆ, ಎರಡು ಸೆಕೆಂಡಿನಲ್ಲಿ ಲಾಕ್ ಸಿಗದಿದ್ದರೆ ಮೈಗ್ರೇಶನ್ನೇ ಬೀಳುತ್ತದೆ, ಇಡೀ ಆಪ್ ಅದರ ಹಿಂದೆ ಸಾಲುಗಟ್ಟಿ ನಿಲ್ಲುವುದಿಲ್ಲ:

```sql
SET lock_timeout = '2s';
```

ಮೊದಲನೆಯವರು ಒಬ್ಬ ಮನುಷ್ಯನ ಮೇಲೆ ಕಾವಲು ಹಾಕಿದರು, ಎರಡನೆಯವರು ಆ ದಾರಿಯನ್ನೇ ಮುಚ್ಚಿದರು. "ಅಂದು ಬರೆದುಕೊಂಡ ಕೆಲಸಗಳಲ್ಲಿ ಇನ್ನೂ ಬಾಕಿ ಇರುವುದು ಯಾವುದು?" ಎಂದು ಮುಂದುವರಿಸಿದರೆ ಇನ್ನಷ್ಟು ತಿಳಿಯುತ್ತದೆ. ಬಾಕಿ ಇದೆ, ಇಂಥ ಕಾರಣಕ್ಕೆ ಎಂದು ಹೇಳುವವರನ್ನು ನಾನು ನಂಬುತ್ತೇನೆ. ಎಲ್ಲ ಮುಗಿದಿದೆ ಎನ್ನುವವರನ್ನು ಇನ್ನೊಮ್ಮೆ ಕೇಳುತ್ತೇನೆ.

ಇದರ ಜೊತೆಗೆ ಆನ್‌ಕಾಲ್ ಸರದಿಯಲ್ಲಿ ಎಷ್ಟು ಜನ ಎಂದು ಕೇಳಿಬಿಡಿ. ಗೂಗಲ್‌ನ ಎಸ್‌ಆರ್‌ಇ ಮಂದಿ, ಅಂದರೆ ಸಿಸ್ಟಮ್‌ಗಳು ನಿಲ್ಲದಂತೆ ನೋಡಿಕೊಳ್ಳುವ ಎಂಜಿನಿಯರ್‌ಗಳು, 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಂದೇ ಊರಿನಲ್ಲಿರುವ ತಂಡಕ್ಕೆ ವಾರದ ಸರದಿ, ಪ್ರೈಮರಿ ಮತ್ತು ಸೆಕೆಂಡರಿ ಸೇರಿ ಕನಿಷ್ಠ 8 ಜನ ಬೇಕು. ನಮ್ಮಲ್ಲಿ ನಾಲ್ಕು ಜನರ ಸರದಿ ಅಪರೂಪವೇನಲ್ಲ. ನಾಲ್ವರಲ್ಲಿ ಸೆಕೆಂಡರಿಯೂ ಇದ್ದರೆ ಎರಡು ವಾರಕ್ಕೊಂದು ವಾರ ಲ್ಯಾಪ್‌ಟಾಪ್ ಬಗಲಲ್ಲೇ ಇರಬೇಕು. ಅಮೆರಿಕದ ತಂಡ ನಮ್ಮ ರಾತ್ರಿಯನ್ನು ನೋಡಿಕೊಳ್ಳುತ್ತದೆಯೇ ಎಂಬುದರ ಮೇಲೆ ಈ ಲೆಕ್ಕವೆಲ್ಲ ಬದಲಾಗುತ್ತದೆ.

ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಪ್ರಶ್ನೆಗಳನ್ನು ರಿಕ್ರೂಟರ್‌ಗೆ ಮೊದಲೇ ಮೇಲ್ ಮಾಡಿ ನೋಡಿದೆ, ತಿದ್ದಿ ತೀಡಿದ ಉತ್ತರ ಬಂತು, ದಂಡ. ಅದೇ ಪ್ರಶ್ನೆಯನ್ನು ಎರಡು ರೌಂಡ್‌ಗಳಲ್ಲಿ ಬೇರೆ ಬೇರೆಯವರಿಗೆ ಕೇಳಿದ್ದು ಬಹಳ ಫಲ ಕೊಟ್ಟಿತು. ಮ್ಯಾನೇಜರ್ "ದಿನಾ ಡಿಪ್ಲಾಯ್" ಎಂದ ಕಡೆ ಎಂಜಿನಿಯರ್ "ತಿಂಗಳಿಗೆ ಎರಡು" ಎಂದರೆ, ಎಂಜಿನಿಯರ್ ಮಾತೇ ಲೆಕ್ಕ. ಎದುರಿನವರು ತಾವಾಗಿ ಕನ್ನಡಕ್ಕೆ ಹೊರಳಿದರೆ ಆನ್‌ಕಾಲ್ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳುತ್ತೇನೆ, ಇಂಗ್ಲಿಷಿನಲ್ಲಿ ಬಾರದ ವಿವರ ಬರುತ್ತದೆ. ಮೂರನೆಯ ಪ್ರಶ್ನೆಯೊಂದು ನನ್ನಲ್ಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳತೊಡಗಿದರೆ ಅದಕ್ಕೂ ಸಿದ್ಧ ಉತ್ತರ ಹುಟ್ಟುತ್ತದೆ.

ಇಷ್ಟೆಲ್ಲ ಯಾಕೆ ಎನ್ನುವವರು ದುಡ್ಡಿನ ಲೆಕ್ಕ ನೋಡಿ. ವರ್ಷದೊಳಗೆ ಬಿಟ್ಟರೆ ಜಾಯ್ನಿಂಗ್ ಬೋನಸ್ ವಾಪಸ್ ಎಂಬ ಷರತ್ತು ಮಾಮೂಲಿ. 30% ತೆರಿಗೆ ಸ್ಲ್ಯಾಬ್‌ನವರಿಗೆ 3 ಲಕ್ಷದ ಬೋನಸ್‌ನಲ್ಲಿ ತೆರಿಗೆ, ಸೆಸ್ ಕಳೆದು ಕೈಗೆ ಬರುವುದು ಸುಮಾರು 2.06 ಲಕ್ಷ. ಪತ್ರದಲ್ಲಿ ಪೂರ್ತಿ ಮೊತ್ತ ಎಂದಿದ್ದರೆ ಕಟ್ಟಬೇಕಾದದ್ದು 3 ಲಕ್ಷ. ಅದರ ಮೇಲೆ 90 ದಿನದ ನೋಟಿಸ್ ಬೇರೆ.

ಈ ವಿಧಾನ ಕೆಲಸ ಮಾಡದಿರುವುದು ಒಂದು ಕಡೆ. ದೊಡ್ಡ ಕಂಪನಿಗಳಲ್ಲಿ ರೌಂಡ್ ತೆಗೆದುಕೊಳ್ಳುವವರು ಬೇರೆ ತಂಡದವರೇ ಇರಬಹುದು, ಆಗ ಅವರ ಉತ್ತರ ನಿಮ್ಮ ತಂಡದ್ದಲ್ಲ. ಮೊದಲು "ನಾನು ಸೇರುವುದು ನಿಮ್ಮ ತಂಡಕ್ಕೇನಾ?" ಎಂದು ಕೇಳಿ. ಅಲ್ಲ ಎಂದರೆ ಆ ಐದು ನಿಮಿಷ ಉಳಿಸಿಕೊಂಡು, ಆಫರ್ ಬಂದ ಮೇಲೆ ಸಹಿ ಹಾಕುವ ಮುಂಚೆ ಆ ತಂಡದ ಒಬ್ಬ ಎಂಜಿನಿಯರ್ ಜೊತೆ ಇಪ್ಪತ್ತು ನಿಮಿಷ ಮಾತಾಡಿಸಿ ಎಂದು ರಿಕ್ರೂಟರ್ ಹತ್ತಿರ ಕೇಳಿ ಪಡೆಯಿರಿ.