ಕಂಡೆನ್ಸರ್ ಗೆರೆ ಮೊದಲು, ಫ್ಲಾಸ್ಕ್ ಆಮೇಲೆ: ಬಟ್ಟಿ ಇಳಿಸುವ ಉಪಕರಣದ ಚಿತ್ರ ಬರೆಸಿದ ನನ್ನ ಅನುಭವ

ಹುಡುಗರ ನಲವತ್ತು ಚಿಲ್ಲರೆ ಲ್ಯಾಬ್ ರೆಕಾರ್ಡ್‌ಗಳಲ್ಲಿ ಮೊದಲೆಲ್ಲ ಹದಿನೈದರಲ್ಲಾದರೂ ಕಂಡೆನ್ಸರ್ ನೀರು ಉಲ್ಟಾ ಇರುತ್ತಿತ್ತು. ಈ ಸಲ ಎರಡರಲ್ಲಿ ಮಾತ್ರ ಇತ್ತು. ಅಳತೆ ಹಾಕಿ ಬರೆಸಿದರೆ ಎಲ್ಲರ ಚಿತ್ರವೂ ಅಚ್ಚು ಒತ್ತಿದಂತೆ ಒಂದೇ ಥರ ಬರುತ್ತದೆ, ನೋಡಿದವರು ಕಾಪಿ ಅಂತಾರೆ ಎಂದು ಸ್ಟಾಫ್ ರೂಮಿನಲ್ಲಿ ತಕರಾರು ಇತ್ತು. ಹಾಗೇನೂ ಆಗಲಿಲ್ಲ. ಅಳತೆ ಒಂದೇ ಇದ್ದರೂ ಕೈ ಬೇರೆಬೇರೆ.

ಇದಕ್ಕೆ ಮೊದಲು ಮಾಡಿದ್ದು ದುಡ್ಡು ಕಳೆಯುವ ಕೆಲಸ. ಪ್ಲಾಸ್ಟಿಕ್ ಸ್ಟೆನ್ಸಿಲ್ ಒಂದಕ್ಕೆ ನಲವತ್ತು ರೂಪಾಯಿ ಆಸುಪಾಸು, ಹತ್ತು ತರಿಸಿದೆ. ಅದರಲ್ಲಿ ಫ್ಲಾಸ್ಕ್ ಒಂದು ಅಳತೆ, ಕಂಡೆನ್ಸರ್ ಇನ್ನೊಂದು ಅಳತೆ. ಎರಡನ್ನೂ ಕೂಡಿಸಿದರೆ ಹೆಬ್ಬೆರಳಿನಷ್ಟು ಫ್ಲಾಸ್ಕಿಗೆ ಮೊಳದುದ್ದದ ಕಂಡೆನ್ಸರ್ ಸಿಕ್ಕಿಸಿದ ಹಾಗೆ ಕಾಣುತ್ತದೆ. ಕಾರ್ಬನ್ ಹಾಳೆ ಇಟ್ಟು ತಿದ್ದಿಸಿ ನೋಡಿದೆ. ಗೆರೆ ರಬ್ಬರಿಗೆ ಅಳಿಯಲಿಲ್ಲ, ಅರವತ್ತು ಎಪ್ಪತ್ತು ರೂಪಾಯಿಯ ರೆಕಾರ್ಡ್ ಪುಸ್ತಕಗಳ ಪುಟ ಕಪ್ಪಾದವು.

ತೊಂದರೆ ಇದ್ದದ್ದು ಶುರು ಮಾಡುವ ಜಾಗದಲ್ಲಿ. ಎಲ್ಲರೂ ಮೊದಲು ಫ್ಲಾಸ್ಕ್ ಬರೆಯುತ್ತಾರೆ, ಅದೂ ದೊಡ್ಡದಾಗಿ. ಕಂಡೆನ್ಸರ್ ಬರುವ ಹೊತ್ತಿಗೆ ಪುಟ ಮುಗಿದಿರುತ್ತದೆ. ಆಗ ಅದನ್ನು ಮೊಟಕು ಮಾಡುತ್ತಾರೆ, ನೀರಿನ ಮೂತಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹೆಸರು ಬರೆಯಲು ಜಾಗ ಉಳಿಯುವುದಿಲ್ಲ. ಅದಕ್ಕೇ ನಾನು ಕಂಡೆನ್ಸರಿನ ನಡುಗೆರೆಯನ್ನೇ ಮೊದಲು ಎಳೆಸುತ್ತೇನೆ. ಗೆರೆ ಇಲ್ಲದ ಎಡಪುಟದಲ್ಲಿ, ಎಡ ಅಂಚಿನಿಂದ 5 ಸೆಂ.ಮೀ., ಕೆಳ ಅಂಚಿನಿಂದ 17 ಸೆಂ.ಮೀ. ಜಾಗಕ್ಕೆ ಒಂದು ಚುಕ್ಕೆ. ಅಲ್ಲಿಂದ ಸೆಟ್‌ಸ್ಕ್ವೇರಿನ 30 ಡಿಗ್ರಿ ಮೂಲೆ ಹಿಡಿದು ಬಲಕ್ಕೆ ಇಳಿಜಾರಾಗಿ ಹನ್ನೊಂದೂವರೆ ಸೆಂ.ಮೀ. ಗೆರೆ, 2H ಪೆನ್ಸಿಲಿನಲ್ಲಿ, ಕಂಡೂ ಕಾಣದಷ್ಟು ತೆಳ್ಳಗೆ. ಈ ಗೆರೆ ಅಡ್ಡಕ್ಕೆ ಹತ್ತು ಸೆಂ.ಮೀ. ಹೋಗಿ ಹತ್ತಿರ ಹತ್ತಿರ ಆರು ಸೆಂ.ಮೀ. ಇಳಿಯುತ್ತದೆ. 45 ಡಿಗ್ರಿ ಇಟ್ಟು ನೋಡಿದರೆ ತುದಿ ತೀರ ಕೆಳಗೆ ಹೋಗಿ ರಿಸೀವರಿಗೆ ಜಾಗವೇ ಇರಲಿಲ್ಲ. 15 ಇಟ್ಟರೆ ಕಂಡೆನ್ಸರ್ ಮಲಗಿದ ಹಾಗೆ ಕಂಡು, ಯಾವುದು ಮೇಲಿನ ತುದಿ ಯಾವುದು ಕೆಳಗಿನದು ಎಂಬುದೇ ಗೊತ್ತಾಗುತ್ತಿರಲಿಲ್ಲ.

ನಡುಗೆರೆಯ ಆಚೆ ಈಚೆ 2 ಮಿ.ಮೀ. ಬಿಟ್ಟರೆ ಒಳನಳಿಕೆ, 8 ಮಿ.ಮೀ. ಬಿಟ್ಟರೆ ಹೊರಕವಚ. ಕವಚ ಏಳು ಸೆಂ.ಮೀ. ಉದ್ದ ಸಾಕು. ಎರಡೂ ತುದಿಯಲ್ಲಿ ಕವಚ ಮುಚ್ಚಿರಬೇಕು, ಒಳನಳಿಕೆ ಮಾತ್ರ ಎಲ್ಲೂ ತುಂಡಾಗದೆ ಈ ಕಡೆಯಿಂದ ಆ ಕಡೆಗೆ ದಾಟಬೇಕು. ಆಮೇಲೆ ಮೊದಲ ಚುಕ್ಕೆಯ ಮೇಲೆ ಫ್ಲಾಸ್ಕಿನ ಕತ್ತು, ಅದರ ಕೆಳಗೆ ನಾಲ್ಕೂವರೆ ಸೆಂ.ಮೀ. ಅಗಲದ ಬುರುಡೆ. ಬುರುಡೆಯ ನಡು ಕೆಳ ಅಂಚಿನಿಂದ ಹನ್ನೆರಡೂವರೆ ಸೆಂ.ಮೀ. ಮೇಲೆ ಬಂದರೆ, ಕೆಳಗೆ ತಂತಿಬಲೆ, ಮುಕ್ಕಾಲಿ, ಬರ್ನರ್ ಮೂರಕ್ಕೂ ಹತ್ತು ಸೆಂ.ಮೀ. ಉಳಿಯುತ್ತದೆ. ಕತ್ತು ಬುರುಡೆಗೆ ಸೇರುವ ಕಡೆ ವಂಕಿ ಸರಾಗವಾಗಿ ಬರಿಸಲು ಒಂದು ಕೈಚಳಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ.

ರೆಕಾರ್ಡ್ ಕೈಗೆ ಬಂದಾಗ ನಾನು ಮೊದಲು ನೋಡುವುದು ಕೂಡುವ ಜಾಗಗಳನ್ನು. ಫ್ಲಾಸ್ಕಿನ ಪಕ್ಕದ ನಳಿಕೆ ಕತ್ತಿಗೆ ಸೇರುವಲ್ಲಿ ಕತ್ತಿನ ಗೋಡೆಯ ಗೆರೆ ಹಾಗೇ ಉಳಿದಿದ್ದರೆ ಅದು ಮುಚ್ಚಿದ ಬಾಗಿಲು, ಆವಿ ಹೊರಗೆ ಹೋಗುವುದಿಲ್ಲ. ಅಷ್ಟು ಗೆರೆಯನ್ನು ಅಳಿಸಲೇಬೇಕು. ಕೊನೆಯಲ್ಲಿ ಇದಕ್ಕೆ ತದ್ವಿರುದ್ಧ ತಪ್ಪು ಇರುತ್ತದೆ: ರಿಸೀವರಿಗೆ ಬಿಗಿಯಾಗಿ ಬಿರಡೆ ಹಾಕಿರುತ್ತಾರೆ. ಎಲ್ಲ ಕಡೆ ಮುಚ್ಚಿದ ಉಪಕರಣವನ್ನು ಕಾಯಿಸಿದರೆ ಒತ್ತಡ ಏರಿ ಗಾಜು ಒಡೆಯುತ್ತದೆ. ರಿಸೀವರಿನ ಬಾಯಿ ತೆರೆದೇ ಇರಬೇಕು. ಥರ್ಮಾಮೀಟರಿನ ಪಾದರಸದ ಗುಂಡು ಪಕ್ಕದ ನಳಿಕೆಯ ಬಾಯಿಗೆ ಸರಿಯಾಗಿ, ಕೂದಲೆಳೆಯಷ್ಟು ಕೆಳಗೆ ನಿಲ್ಲಬೇಕು. ದ್ರವದಲ್ಲಿ ಮುಳುಗಿಸಿದರೆ ಅದು ದ್ರವದ ಉಷ್ಣತೆ, ಹೊರಹೋಗುವ ಆವಿಯದ್ದಲ್ಲ. ತುಂಬ ಮೇಲಿದ್ದರೆ ಆವಿ ಅದಕ್ಕೆ ಸರಿಯಾಗಿ ತಾಗದೆ ಕಡಿಮೆ ತೋರಿಸುತ್ತದೆ.

ಇನ್ನು ನೀರು. ಕೆಳಗಿನ ಮೂತಿಯಿಂದ ಒಳಕ್ಕೆ, ಮೇಲಿನ ಮೂತಿಯಿಂದ ಹೊರಕ್ಕೆ ಎಂದು ಎಲ್ಲರೂ ಬಾಯಿಪಾಠ ಹೇಳುತ್ತಾರೆ, ಚಿತ್ರದಲ್ಲಿ ಉಲ್ಟಾ ಬರೆಯುತ್ತಾರೆ. ಕಾರಣ ನಮ್ಮ ಲ್ಯಾಬಿನಲ್ಲೇ ಇತ್ತು. ರಾಯಚೂರಿನ ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರೇ ಬಿಸಿ, ನಲ್ಲಿಯಲ್ಲಿ ಒತ್ತಡವೂ ಇಲ್ಲ. ಹಾಗಾಗಿ ಎತ್ತರದ ಸ್ಟೂಲಿನ ಮೇಲೆ ಬಕೆಟ್ ಇಟ್ಟು ರಬ್ಬರ್ ಪೈಪಿನಿಂದ ನೀರು ಇಳಿಸುತ್ತೇವೆ. ಆ ಪೈಪು ಬಂದು ಸೇರುವುದು ಕೆಳಗಿನ ಮೂತಿಗೇ, ಆದರೆ ಹುಡುಗರ ಕಣ್ಣಿಗೆ ಬೀಳುವುದು ಬಕೆಟ್. "ಸರ್, ನೀರು ಮ್ಯಾಲಿಂದನ ಬರ್ತಾವಲ್ರೀ" ಅನ್ನುತ್ತಿದ್ದರು.

ಫ್ಲಾಸ್ಕ್ ಬಿಚ್ಚಿಟ್ಟು ಕಂಡೆನ್ಸರ್ ಒಂದನ್ನೇ ಸ್ಟ್ಯಾಂಡಿಗೆ ಓರೆಯಾಗಿ ಕಟ್ಟಿ, ಪೈಪಿನೊಳಗೆ ಸಿರಿಂಜಿನಿಂದ ನೀಲಿ ಶಾಯಿ ಬಿಟ್ಟೆ. ಕೆಳಗಿನಿಂದ ಬಿಟ್ಟಾಗ ನೀಲಿ ನೀರು ತುದಿಯಿಂದ ತುಂಬುತ್ತಾ ಮೇಲೇರಿತು, ಗಾಳಿಯನ್ನೆಲ್ಲ ಮುಂದಕ್ಕೆ ತಳ್ಳಿ ಮೇಲಿನ ಮೂತಿಯಿಂದ ಉಕ್ಕಿತು. ಮೇಲಿನಿಂದ ಬಿಟ್ಟಾಗ ಅದೇ ನೀಲಿ ಕವಚದ ಕೆಳಗೋಡೆಯನ್ನು ಹಿಡಿದು, ಮಳೆಗಾಲದಲ್ಲಿ ದೋಣಿತಗಡಿನ ನೀರು ಹರಿದ ಹಾಗೆ, ಸಣ್ಣ ಪಟ್ಟಿಯಾಗಿ ಜಾರಿ ಹೊರಬಿತ್ತು. ಮೇಲರ್ಧ ಖಾಲಿ, ಒಳನಳಿಕೆಯ ಬೆನ್ನು ಒಣಗಿಯೇ ಇತ್ತು. ಅಲ್ಲಿ ಆವಿ ತಣಿಯದೆ ಹಾಗೇ ದಾಟಿಹೋಗುತ್ತದೆ. ಜೊತೆಗೆ ಕಾದ ಆವಿ ಬಡಿಯುವ ತುದಿಗೇ ತಣ್ಣೀರು ಒಮ್ಮೆಲೇ ಬಿದ್ದರೆ ಗಾಜು ಬಿರಿಯುವ ಭಯ. ಶಾಯಿಗೆ ಖರ್ಚು ಐದು ರೂಪಾಯಿಯೂ ಆಗಿಲ್ಲ.

ಚಿತ್ರದಲ್ಲಿ ಇದನ್ನು ಮೂತಿಗಳೇ ಹೇಳುವಂತೆ ಮಾಡಿದೆ. ಕವಚದ ಕೆಳತುದಿಯಿಂದ ಒಂದು ಸೆಂ.ಮೀ. ಒಳಗೆ, ಕೆಳಗೋಡೆಯಿಂದ ಕೆಳಮುಖವಾಗಿ ಒಂದು ಮೂತಿ. ಮೇಲಿನ ತುದಿಯಿಂದ ಒಂದು ಸೆಂ.ಮೀ. ಒಳಗೆ, ಮೇಲ್ಗೋಡೆಯಿಂದ ಮೇಲ್ಮುಖವಾಗಿ ಇನ್ನೊಂದು. ಮೂತಿ ಮೇಲ್ಮುಖವಾಗಿದ್ದರೆ ಕವಚ ತುಂಬಿದ ಮೇಲೆಯೇ ನೀರು ಹೊರಹೋಗುತ್ತದೆ. ಹೆಸರು ಬರೆಯುವ ಮೊದಲೇ ಬಾಣ ಹಾಕಿಸುತ್ತೇನೆ: ಕೆಳಗಿನದರಲ್ಲಿ ಕವಚದ ಕಡೆಗೆ, ಮೇಲಿನದರಲ್ಲಿ ಕವಚದಿಂದ ಆಚೆಗೆ. ಚಿತ್ರದಲ್ಲಿ ಬಾಣದ ತಲೆ ಇರಬೇಕಾದ್ದು ಈ ಎರಡೇ ಕಡೆ. ಹೆಸರಿನ ಗೆರೆಗಳಿಗೆ ಬಾಣ ಬೇಡ. ಹಾಕಿದರೆ ಅದೂ ನೀರಿನ ದಾರಿಯಂತೆ ಕಾಣುತ್ತದೆ.

ಹೆಸರಿನ ಗೆರೆಯ ತುದಿ ಭಾಗವನ್ನು ಮುಟ್ಟಿಯೇ ನಿಲ್ಲಬೇಕು. 'ಕಂಡೆನ್ಸರ್' ಎಂಬ ಗೆರೆ ಕವಚಕ್ಕೆ, 'ಒಳನಳಿಕೆ' ಎಂಬುದು ಕವಚ ದಾಟಿ ಒಳಕ್ಕೆ. 'ರಿಸೀವರ್' ಪಾತ್ರೆಗೆ, 'ಬಟ್ಟಿ ಇಳಿದ ದ್ರವ' ಪಾತ್ರೆಯೊಳಗಿನ ದ್ರವಕ್ಕೆ. ಇವೆರಡನ್ನು ಅದಲುಬದಲು ಮಾಡುವವರೇ ಹೆಚ್ಚು. ಪಕ್ಕದ ನಳಿಕೆ ಇರುವ ಫ್ಲಾಸ್ಕಿಗೆ ಬರೀ 'ದುಂಡುತಳದ ಫ್ಲಾಸ್ಕ್' ಎಂದು ಬರೆದರೆ ಸಾಲದು, ಅದು ಬಟ್ಟಿ ಇಳಿಸುವ ಫ್ಲಾಸ್ಕ್.

ಚಿತ್ರ ಯಾವ ದ್ರವಕ್ಕೆ ಎಂದೂ ನೋಡಬೇಕು. ಅಸಿಟೋನ್ ಮತ್ತು ನೀರಿನ ಮಿಶ್ರಣಕ್ಕೆ ತಂತಿಬಲೆಯ ಜಾಗದಲ್ಲಿ ನೀರಿನ ತೊಟ್ಟಿ ಬರಬೇಕು, ಕೆಳಗೆ ಉರಿ ಇರಬಾರದು. ಅಸಿಟೋನ್ 56 ಡಿಗ್ರಿಗೇ ಕುದಿಯುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ. ಅನಿಲೀನ್ ಕುದಿಯುವುದು 184 ಡಿಗ್ರಿಗೆ. ಅಷ್ಟು ಬಿಸಿ ಆವಿಗೆ ನೀರಿನ ಕಂಡೆನ್ಸರ್ ಕೊಟ್ಟರೆ ಗಾಜು ಬಿರಿಯಬಹುದು, ಆದ್ದರಿಂದ ಗಾಳಿಯ ಕಂಡೆನ್ಸರ್: ಅದೇ ಓರೆ ನಡುಗೆರೆ, ಆಚೀಚೆ ನಳಿಕೆಯ ಎರಡು ಗೆರೆ, ಕವಚವಿಲ್ಲ, ಮೂತಿಗಳಿಲ್ಲ. ಈ ಸಲ ತಪ್ಪಿದ್ದ ಎರಡು ರೆಕಾರ್ಡ್‌ಗಳಲ್ಲಿ ಒಂದು ಇದೇ. ಬರೀ ನಳಿಕೆಗೆ 'ನೀರು ಒಳಕ್ಕೆ' ಎಂದು ಅಂದವಾಗಿ ಬರೆದಿತ್ತು.