ಪ್ರಿಪೊಸಿಷನ್‌ಗೆ ನಿಯಮ ಬಿಟ್ಟೆ, ಜೋಡಿ ಹಿಡಿದೆ

ನನ್ನ ಸಂಜೆ ಬ್ಯಾಚಿನಲ್ಲಿ ಪ್ರಿಪೊಸಿಷನ್‌ಗೆ ನಿಯಮ ಹೇಳಿಕೊಡುವುದನ್ನು ನಿಲ್ಲಿಸಿ ಎರಡು ವರ್ಷದ ಮೇಲಾಯಿತು. ನಿಲ್ಲಿಸಿದಾಗ ಜೊತೆಯ ಮೇಷ್ಟ್ರುಗಳು "ನಿಯಮ ಇಲ್ಲದೆ ಗ್ರಾಮರ್ ಪಾಠ ಮಾಡ್ತೀರಾ?" ಅಂತ ಕೇಳಿದ್ದರು. ಈಗ ಅದೇ ಮೇಷ್ಟ್ರುಗಳು ನನ್ನ ಕಾರ್ಡುಗಳ ಜೆರಾಕ್ಸ್ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನಲ್ಲಿಗೆ ಬರುವವರು ಹೆಚ್ಚಾಗಿ ಕನ್ನಡ ಮೀಡಿಯಂನಲ್ಲಿ ಓದಿ, ಈಗ ಬ್ಯಾಂಕ್ ಅಥವಾ ಎಫ್‌ಡಿಎ ಪರೀಕ್ಷೆಗೆ ಕೂತವರು. ಬಸ್‌ಸ್ಟಾಪಿಗೆ 'ಅಟ್', ಪೆಟ್ಟಿಗೆಗೆ 'ಇನ್' ಅನ್ನುವುದರಲ್ಲಿ ಅವರು ಅಷ್ಟಾಗಿ ಎಡವುವುದಿಲ್ಲ. ಎಡವುವುದು ಕ್ರಿಯಾಪದ, ಗುಣವಾಚಕ, ನಾಮಪದಗಳ ಬಾಲದಲ್ಲಿ. 'ನನ್ನ ಮೇಲೆ ಕೋಪ' ಎಂದು ಯೋಚಿಸಿ 'ಆಂಗ್ರಿ ಆನ್ ಮಿ' ಬರೆಯುತ್ತಾರೆ. 'ಲೆಕ್ಕದಲ್ಲಿ ಜಾಣ' ಎಂದು 'ಗುಡ್ ಇನ್ ಮ್ಯಾಥ್ಸ್' ಬರೆಯುತ್ತಾರೆ. 'ಅವನ ಜೊತೆ ಮದುವೆ' ಎಂದು 'ಮ್ಯಾರೀಡ್ ವಿತ್ ಹಿಮ್'. ಆಗಬೇಕಾದದ್ದು 'ಆಂಗ್ರಿ ವಿತ್ ಮಿ', 'ಗುಡ್ ಅಟ್ ಮ್ಯಾಥ್ಸ್', 'ಮ್ಯಾರೀಡ್ ಟು ಹಿಮ್'.

ಮೊದಲು ದುಡ್ಡು ಸುರಿದದ್ದು ಗೋಡೆ ಚಾರ್ಟಿಗೆ. ಎ-ಯಿಂದ ಜೆಡ್‌ವರೆಗೆ ಮುನ್ನೂರು ಚಿಲ್ಲರೆ ಪದ, ಎದುರಿಗೆ ಪ್ರಿಪೊಸಿಷನ್. ಫ್ಲೆಕ್ಸ್ ಪ್ರಿಂಟಿಗೆ ಸುಮಾರು ಎರಡು ಸಾವಿರ ಹೋಯಿತು. ಹುಡುಗರು ಬಾಯಿಪಾಠ ಮಾಡಿದರು, ಟೆಸ್ಟಿನಲ್ಲಿ ಬರೆದರು, ಮುಂದಿನ ತಿಂಗಳು ಮರೆತರು. ಎ-ಯಿಂದ ಶುರುವಾಗುವ ಪದಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ, ಹಾಗಿರುವಾಗ ತಲೆಯಲ್ಲಿ ಹೇಗೆ ಉಳಿಯಬೇಕು? ಆಮೇಲೆ ಒಂದು ಆನ್‌ಲೈನ್ ಕೋರ್ಸಿಗೆ ಐದು ಸಾವಿರದ ಹತ್ತಿರ ಕಟ್ಟಿದೆ. ಅಲ್ಲಿ ಪ್ರತಿ ಪ್ರಿಪೊಸಿಷನ್‌ಗೂ 'ಮೂಲ ಅರ್ಥ' ಹೇಳಿ ಚಿತ್ರ ತೋರಿಸುತ್ತಿದ್ದರು. 'ಆನ್' ಅಂದರೆ ಮೇಲೆ ಕೂತಿರುವುದು, ಆದ್ದರಿಂದ 'ಡಿಪೆಂಡ್ ಆನ್'. ಸರಿ. ಹಾಗಾದರೆ 'ಕಂಗ್ರಾಚುಲೇಟ್ ಆನ್' ಯಾಕೆ? ಅಲ್ಲಿ ಯಾರು ಯಾರ ಮೇಲೆ ಕೂತಿದ್ದಾರೆ? ಉತ್ತರ ಗೊತ್ತಾದ ಮೇಲೆ ಕಥೆ ಕಟ್ಟಬಹುದು. ಉತ್ತರ ಹುಡುಕಲು ಆ ಕಥೆ ಸಹಾಯಕ್ಕೆ ಬರುವುದಿಲ್ಲ.

ದಾರಿ ಸಿಕ್ಕಿದ್ದು ಒಬ್ಬ ಹುಡುಗ ಅಭ್ಯಾಸಕ್ಕೆಂದು ಬರೆದ ನೀರಿನ ಅರ್ಜಿಯಿಂದ. ಸಾಲುಗಳು ಹೀಗಿದ್ದವು: 'ವಿ ಡಿಸ್ಕಸ್ಡ್ ಅಬೌಟ್ ದ ಪ್ರಾಬ್ಲಂ. ವಿ ರಿಕ್ವೆಸ್ಟೆಡ್ ಫಾರ್ ಎ ಬೋರ್‌ವೆಲ್. ದ ವಿಲೇಜ್ ಲ್ಯಾಕ್ಸ್ ಆಫ್ ವಾಟರ್. ಪೀಪಲ್ ಆರ್ ಡಿಮ್ಯಾಂಡಿಂಗ್ ಫಾರ್ ಆಕ್ಷನ್.' ನಾಲ್ಕೂ ತಪ್ಪು. ನಾಲ್ಕರಲ್ಲೂ ಪ್ರಿಪೊಸಿಷನ್ ಬೇಕೇ ಇಲ್ಲದ ಕಡೆ ಸೇರಿಕೊಂಡಿದೆ. 'ಬಗ್ಗೆ ಚರ್ಚಿಸಿದೆವು' ಅನ್ನುವ ಕನ್ನಡದಿಂದ 'ಅಬೌಟ್' ಬಂತು ಅಂತ ಹೇಳಬಹುದು. ಆದರೆ 'ಲ್ಯಾಕ್ಸ್ ಆಫ್' ಎಲ್ಲಿಂದ ಬಂತು? ನೀರಿನ ಕೊರತೆ ಇದೆ ಅಂತೀವಿ, ಅಲ್ಲಿ 'ಲ್ಯಾಕ್' ನಾಮಪದ: 'ಎ ಲ್ಯಾಕ್ ಆಫ್ ವಾಟರ್'. ಆಗ ಹೊಳೆಯಿತು. ಹುಡುಗ ಆ ಪ್ರಿಪೊಸಿಷನ್‌ಗಳನ್ನು ಎಲ್ಲೋ ಓದಿಯೇ ಇದ್ದಾನೆ. ನಾಮಪದದ ಬಾಲವನ್ನು ಅದೇ ಮನೆತನದ ಕ್ರಿಯಾಪದಕ್ಕೆ ಅಂಟಿಸಿದ್ದಾನೆ, ಅಷ್ಟೇ. 'ಡಿಸ್ಕಷನ್ ಅಬೌಟ್', 'ರಿಕ್ವೆಸ್ಟ್ ಫಾರ್', 'ಡಿಮ್ಯಾಂಡ್ ಫಾರ್' ಎಲ್ಲವೂ ನಾಮಪದವಾಗಿ ಸರಿಯಾದವೇ.

ಅಲ್ಲಿಂದ ಪದವನ್ನು ಒಂಟಿಯಾಗಿ ಕೊಡುವುದನ್ನು ಬಿಟ್ಟೆ. ಕ್ರಿಯಾಪದ, ನಾಮಪದ ಎರಡನ್ನೂ ಒಂದೇ ಕಾರ್ಡಿನಲ್ಲಿ ಕೊಟ್ಟೆ. ಎರಡಕ್ಕೂ 'ಇಟ್' ಸೇರಿಸಿ ಜೋರಾಗಿ ಹೇಳಿಸುವುದು ನನ್ನ ಪದ್ಧತಿ. 'ಡಿಸ್ಕಸ್ ಇಟ್, ಎ ಡಿಸ್ಕಷನ್ ಅಬೌಟ್ ಇಟ್.' 'ಡಿಮ್ಯಾಂಡ್ ಇಟ್, ಎ ಡಿಮ್ಯಾಂಡ್ ಫಾರ್ ಇಟ್.' 'ಲ್ಯಾಕ್ ಇಟ್, ಎ ಲ್ಯಾಕ್ ಆಫ್ ಇಟ್.' 'ಎಂಫಸೈಜ್ ಇಟ್, ಎಂಫಸಿಸ್ ಆನ್ ಇಟ್.' 'ಆನ್ಸರ್ ಇಟ್, ಆನ್ ಆನ್ಸರ್ ಟು ಇಟ್.' 'ಇಟ್' ಯಾಕೆಂದರೆ ಅದು ಚಿಕ್ಕದು, ಕ್ರಿಯಾಪದಕ್ಕೆ ನೇರ ತಾಗುತ್ತದೆ, ನಡುವೆ ಏನಾದರೂ ನುಸುಳಿದರೆ ಕಿವಿಗೆ ಥಟ್ಟನೆ ಗೊತ್ತಾಗುತ್ತದೆ. ಇಂಥ ಜೋಡಿ ಮೂವತ್ತರ ಆಸುಪಾಸು ಸಾಕು. ಯಾವ ಜೋಡಿಯ ನಂತರ ಯಾವುದನ್ನು ಇಡಬೇಕು ಅನ್ನುವ ಕ್ರಮ ಮಾತ್ರ ನನ್ನ ಬ್ಯಾಚಿಗೆ ಮೀಸಲು, ಇಲ್ಲಿ ಬರೆಯುವುದಿಲ್ಲ.

ಎರಡನೆಯ ಕಟ್ಟು ಅರ್ಥದ ಗುಂಪುಗಳದ್ದು. ತಡೆಯುವ, ಕಾಪಾಡುವ ಕ್ರಿಯಾಪದಗಳು ಒಂದೇ ಚೌಕಟ್ಟಿನಲ್ಲಿ ಕೂರುತ್ತವೆ: ಯಾರನ್ನು, ಆಮೇಲೆ 'ಫ್ರಂ', ಆಮೇಲೆ ಯಾವುದರಿಂದ. ಪ್ರಿವೆಂಟ್, ಸ್ಟಾಪ್, ಬ್ಯಾನ್, ಪ್ರೊಟೆಕ್ಟ್, ಸೇವ್. ಇವನ್ನು ಕಲಿತವನಿಗೆ 'ಪ್ರೊಹಿಬಿಟ್' ಹೊಸದಾಗಿ ಸಿಕ್ಕಿದರೂ ಅವನೇ 'ಫ್ರಂ' ಹಾಕುತ್ತಾನೆ. ಗೋಡೆ ಚಾರ್ಟಿನಿಂದ ಇದು ಎಂದೂ ಆಗಿರಲಿಲ್ಲ. ಮುರಿಯುವ ಜಾಗವನ್ನೂ ಅಲ್ಲೇ ಹೇಳಿಬಿಡಬೇಕು. 'ಫರ್ಬಿಡ್' ಸಾಮಾನ್ಯವಾಗಿ 'ಟು' ಮತ್ತು ಕ್ರಿಯಾಪದ ಬಯಸುತ್ತದೆ. ಹೊಗಳುವ, ತೆಗಳುವ ಗುಂಪಿಗೆ 'ಫಾರ್': ಥ್ಯಾಂಕ್, ಪ್ರೈಸ್, ಬ್ಲೇಮ್, ಪನಿಷ್. ಆದರೆ 'ಅಕ್ಯೂಸ್' ಮಾತ್ರ 'ಆಫ್', ಪೊಲೀಸರ 'ಚಾರ್ಜ್' ಮಾತ್ರ 'ವಿತ್'. ಈ ಮೂರನ್ನು ಒಂದೇ ಕಳ್ಳನ ಕಥೆಯಲ್ಲಿ ಹಾಕಿ ಹೇಳುತ್ತೇನೆ: ಊರವರು 'ಬ್ಲೇಮ್ಡ್ ಹಿಮ್ ಫಾರ್ ದ ಥೆಫ್ಟ್', ಮಾಲೀಕ 'ಅಕ್ಯೂಸ್ಡ್ ಹಿಮ್ ಆಫ್ ಥೆಫ್ಟ್', ಪೊಲೀಸರು 'ಚಾರ್ಜ್ಡ್ ಹಿಮ್ ವಿತ್ ಥೆಫ್ಟ್'. ಇಂಗ್ಲಿಷ್ ಪೇಪರಿನ ಅಪರಾಧ ಸುದ್ದಿ ಓದುವಾಗ ಹುಡುಗರು ತಾವಾಗಿಯೇ ಇದಕ್ಕೆ ಗೆರೆ ಎಳೆದುಕೊಂಡು ಬರುತ್ತಾರೆ.

ನಡುವೆ ಇನ್ನೊಂದನ್ನು ಪ್ರಯೋಗಿಸಿ ನೋಡಿದೆ. ಪದದ ತಲೆ ನೋಡಿ ಬಾಲ ಊಹಿಸಬಹುದಾ ಅಂತ. 'ಆಡ್' ಎಂದು ಶುರುವಾಗುವ ಹಲವಕ್ಕೆ 'ಟು' ಕೂರುತ್ತದೆ: ಅಡಾಪ್ಟ್, ಅಡ್ಜಸ್ಟ್, ಅಡ್ಹಿಯರ್. 'ಎಕ್ಸ್' ತಲೆಗೆ 'ಫ್ರಂ': ಎಕ್ಸ್‌ಕ್ಲೂಡ್, ಎಕ್ಸ್‌ಪೆಲ್, ಎಕ್ಸೆಂಪ್ಟ್. ಖುಷಿಯಾಗಿ 'ಕಾನ್', 'ಕಾಂ'ಗೆ ಬಂದೆ. ಅಲ್ಲಿ 'ಕಂಪ್ಲೈ ವಿತ್' ಸರಿ ಹೋಯಿತು, 'ಕನ್ಸಿಸ್ಟ್ ಆಫ್' ಕೈಕೊಟ್ಟಿತು, 'ಕಾನ್ಸಂಟ್ರೇಟ್ ಆನ್' ಇನ್ನೊಂದು ದಿಕ್ಕಿಗೆ ಹೋಯಿತು. ಹಾಗಾಗಿ ಮೊದಲೆರಡನ್ನು ಮಾತ್ರ ಇಟ್ಟುಕೊಂಡೆ. ಅವನ್ನೂ ಕಾರ್ಡಿಗೆ ಹಾಕಿಲ್ಲ, ಬೋರ್ಡಿನ ಮೂಲೆಯಲ್ಲಿ ಬರೆಯುತ್ತೇನೆ.

ಅನುಮಾನ ಬಂದರೆ ನೋಡಲು, ಪುಸ್ತಕಗಳಲ್ಲಿ ಯಾವ ಪದ ಎಷ್ಟು ಬಳಕೆಯಾಗಿದೆ ಎಂದು ಗೆರೆ ಎಳೆದು ತೋರಿಸುವ ಗೂಗಲ್ ಎನ್‌ಗ್ರಾಂ ಬಿಟ್ಟಿಯಾಗಿ ಸಿಗುತ್ತದೆ. ಹುಡುಕುವ ಜಾಗದಲ್ಲಿ ಒಂದು ಸಲಕ್ಕೆ ಒಂದು ಸಾಲು, ಹೀಗೆ ಹಾಕಿ:

```
married to,married with
capable *
```

ಮೊದಲನೆಯದು ಎರಡು ಗೆರೆಗಳನ್ನು ಪಕ್ಕಪಕ್ಕ ತೋರಿಸುತ್ತದೆ. ಎರಡನೆಯದು ಆ ಪದದ ಮುಂದೆ ಜಾಸ್ತಿ ಬರುವ ಹತ್ತು ಪದಗಳನ್ನು ಕೊಡುತ್ತದೆ. ಆದರೆ ಗೆರೆಯನ್ನು ಕಣ್ಣುಮುಚ್ಚಿ ನಂಬಬೇಡಿ. 'ಮ್ಯಾರೀಡ್ ವಿತ್' ಗೆರೆ ಸೊನ್ನೆಯಾಗುವುದಿಲ್ಲ, ಯಾಕೆಂದರೆ 'ಮ್ಯಾರೀಡ್ ವಿತ್ ಟೂ ಚಿಲ್ಡ್ರನ್' ಎಂದರೆ ಮದುವೆಯಾಗಿದೆ, ಎರಡು ಮಕ್ಕಳಿದ್ದಾರೆ ಅಂತ, ಅದು ಸರಿಯಾದ ಇಂಗ್ಲಿಷೇ. ಗೆರೆ ನೋಡಿದ ಮೇಲೆ ಡಿಕ್ಷನರಿಯಲ್ಲಿ ಉದಾಹರಣೆ ವಾಕ್ಯ ಓದಲೇಬೇಕು. ಕಲಿಯುವವರಿಗೆಂದೇ ಮಾಡಿದ ಡಿಕ್ಷನರಿಗಳು ಪ್ರಿಪೊಸಿಷನ್ ಅನ್ನು ದಪ್ಪಕ್ಷರದಲ್ಲಿ ತೋರಿಸುತ್ತವೆ. ಬರೀ ಅರ್ಥ ಕೊಡುವ ಇಂಗ್ಲಿಷ್-ಕನ್ನಡ ಡಿಕ್ಷನರಿ ಈ ಕೆಲಸಕ್ಕೆ ಬರುವುದಿಲ್ಲ.

ಖರ್ಚು ತೀರಾ ಕಡಿಮೆ. ಒಬ್ಬರಿಗೆ ಒಂದು ಕಟ್ಟು ಕಾರ್ಡಿಗೆ, ರಟ್ಟು, ಪ್ರಿಂಟ್ ಸೇರಿ, ನಲವತ್ತು ರೂಪಾಯಿ ಇರಬಹುದು. ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಮೊದಲು ಹತ್ತಕ್ಕೆ ನಾಲ್ಕು ಬರುತ್ತಿದ್ದ ಬ್ಯಾಚಿಗೆ ಈಗ ಏಳು, ಎಂಟು ಬರುತ್ತಿದೆ. ನಮ್ಮ ಊರಿನಲ್ಲಿ ಬೇರೆ ಯಾವ ಬ್ಯಾಚಿನಲ್ಲೂ ಇಷ್ಟು ಬಂದದ್ದನ್ನು ನಾನು ಕೇಳಿಲ್ಲ.

ಇನ್ನೂ ಹಿಡಿತಕ್ಕೆ ಬಾರದ್ದು, ಒಂದೇ ಪದಕ್ಕೆ ಹಲವು ಬಾಲ ಇರುವ ಕಡೆ. 'ಅಗ್ರೀ ವಿತ್' ಮನುಷ್ಯನಿಗೆ ಅಥವಾ ಅವನ ಅಭಿಪ್ರಾಯಕ್ಕೆ, 'ಅಗ್ರೀ ಟು' ಮುಂದಿಟ್ಟ ಪ್ರಸ್ತಾಪಕ್ಕೆ, 'ಅಗ್ರೀ ಆನ್' ಎರಡೂ ಕಡೆಯವರು ಕೂತು ತೀರ್ಮಾನಿಸಿದ ತಾರೀಖು, ಬೆಲೆಗೆ. ಇಲ್ಲಿ 'ಇಟ್' ಸೇರಿಸಿ ಹೇಳಿದರೆ ಮೂರೂ ಕಿವಿಗೆ ಸರಿಯೇ ಅನ್ನಿಸುತ್ತದೆ. ಅದಕ್ಕೆ ಈ ಬ್ಯಾಚಿನಿಂದ 'ಇಟ್' ತೆಗೆದು, 'ಅಗ್ರೀ ವಿತ್ ಯು', 'ಅಗ್ರೀ ಟು ದ ಪ್ಲಾನ್', 'ಅಗ್ರೀ ಆನ್ ಎ ಡೇಟ್' ಎಂದು ಮುಂದಿನ ಪದವನ್ನೂ ಸೇರಿಸಿ ಕಾರ್ಡು ಮಾಡಿಸಿದ್ದೇನೆ.